ಹೊಸ ಗುರುವಿನ ಪ್ರಥಮ ಬಲಿಪೂಜೆ: ಮನೆಯವರು ಎಲ್ಲಿ ಕೂರಬೇಕು, ಏನು ಕೊಡಬೇಕು, ಊಟ ಯಾವಾಗ ಬಡಿಸಬೇಕು

ಗುರುದೀಕ್ಷೆಯ ದಿನದ ಹೊಣೆಯೆಲ್ಲ ಧರ್ಮಾಧ್ಯಕ್ಷರದು ಮತ್ತು ಅವರ ಕಚೇರಿಯದು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಬರಬೇಕು ಎಂಬುದನ್ನು ಅವರೇ ಹೇಳುತ್ತಾರೆ, ಮನೆಯವರು ಹೇಳಿದಂತೆ ನಡೆದರೆ ಸಾಕು. ಪ್ರಥಮ ಬಲಿಪೂಜೆಯ ದಿನ ಹಾಗಲ್ಲ. ಅತಿಥಿಗಳನ್ನು ಕರೆದವರು ಮನೆಯವರು, ಊಟ ಹಾಕಿಸುವವರು ಮನೆಯವರು, ಚರ್ಚಿನ ಬಾಗಿಲಲ್ಲಿ ನಿಂತವರು "ನಾನು ಎಲ್ಲಿ ಕೂರಲಿ?" ಎಂದು ಕೇಳುವುದೂ ಅವರನ್ನೇ. ಆದ್ದರಿಂದಲೇ ಹಲವು ಮನೆಗಳಲ್ಲಿ ಈ ದಿನವನ್ನು ಮದುವೆಯಂತೆ ಯೋಜಿಸುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದಲೇ. ಬಲಿಪೂಜೆಯ ಒಳಗೆ ಮನೆಯವರಿಗಿರುವ ಕೆಲಸ ಬಹಳ ಕಡಿಮೆ, ಆದರೆ ಸ್ಪಷ್ಟ. ಅವರ ನಿಜವಾದ ದುಡಿಮೆ ಇರುವುದು ಪೂಜೆ ಮುಗಿದ ಕ್ಷಣದಿಂದ ಮೊದಲ ತುತ್ತು ಎಲ್ಲರ ಬಾಯಿಗೆ ಹೋಗುವವರೆಗಿನ ಒಂದೂವರೆ ಗಂಟೆಯಲ್ಲಿ. ಈ ಲೇಖನ ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲಿಯೇ.

ವಿಷಯ ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಹೊಸ ಗುರುವಿನ ತಂದೆ ತೀರಿಕೊಂಡಿದ್ದಾರೆ. ತಾಯಿ ಗಾಲಿಕುರ್ಚಿಯಲ್ಲಿದ್ದಾರೆ. ಒಬ್ಬ ಅಣ್ಣ, ಇಬ್ಬರು ಮದುವೆಯಾದ ಅಕ್ಕಂದಿರು. ಒಬ್ಬ ಭಾವ ಬೇರೆ ಧರ್ಮದವರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪೂಜೆ. ಚರ್ಚಿನಲ್ಲಿ ಸುಮಾರು ನಾನೂರು ಜನ ಸೇರುತ್ತಾರೆ, ಊಟಕ್ಕೆ ಕರೆದಿರುವುದು ನೂರೈವತ್ತು ಜನರನ್ನು.

ಮೊದಲು ಮೂರು ಜನ ಕುಳಿತು ಮಾತನಾಡಿ

ಹೊಸ ಗುರು, ಧರ್ಮಕೇಂದ್ರದ ಗುರುಗಳು, ಮನೆಯ ಪರವಾಗಿ ಒಬ್ಬರು. ಈ ಮೂವರು ಕನಿಷ್ಠ ಒಂದು ತಿಂಗಳ ಮುಂಚೆ ಒಂದು ಗಂಟೆ ಕುಳಿತರೆ ಮುಕ್ಕಾಲು ಪಾಲು ಗೊಂದಲ ಅಲ್ಲಿಯೇ ಕರಗುತ್ತದೆ. ಮನೆಯ ಪ್ರತಿನಿಧಿ ತಂದೆಯೋ ತಾಯಿಯೋ ಆಗದಿರುವುದು ಒಳ್ಳೆಯದು. ಅವರು ಆ ದಿನ ಮಗನ ಪೂಜೆಯಲ್ಲಿ ಭಾಗವಹಿಸಬೇಕೇ ಹೊರತು, ಅಡುಗೆಯವರ ಫೋನ್ ಕರೆಗೆ ಎದ್ದು ಹೊರಗೆ ಹೋಗುವಂತಾಗಬಾರದು. ನಮ್ಮ ಉದಾಹರಣೆಯಲ್ಲಿ ಅಣ್ಣ ಪೂಜೆಯ ವಿಷಯ ನೋಡಿಕೊಳ್ಳಲಿ. ಊಟದ ಉಸ್ತುವಾರಿಗೆ ಮನೆಯವರಲ್ಲದ ಒಬ್ಬ ಸ್ನೇಹಿತರೋ ನೆರೆಯವರೋ ಇರಲಿ.

ಈ ಮಾತುಕತೆಯಲ್ಲಿ ವಾಚನಗಳ ವಿಷಯ ಬಂದೇ ಬರುತ್ತದೆ. ಗುರುತ್ವದ ಬಗೆಗಿನ ಇಷ್ಟದ ಬೈಬಲ್ ಭಾಗವನ್ನು ಓದಿಸಬೇಕೆಂಬ ಆಸೆ ಮನೆಯವರಿಗಿರುತ್ತದೆ. ಪೂಜೆ ಭಾನುವಾರವಾದರೆ ಸಾಮಾನ್ಯವಾಗಿ ಆ ಭಾನುವಾರಕ್ಕೆ ಗೊತ್ತಾದ ವಾಚನಗಳೇ ನಡೆಯುತ್ತವೆ. ಆಗಮನ ಕಾಲ, ತಪಸ್ಸು ಕಾಲ ಮತ್ತು ಪಾಸ್ಖ ಕಾಲದ ಭಾನುವಾರಗಳಲ್ಲಂತೂ ಬದಲಾವಣೆಗೆ ಅವಕಾಶವೇ ಇಲ್ಲ. ಇದನ್ನು ತಿಳಿಯದೆ ಆಮಂತ್ರಣ ಪತ್ರಿಕೆಯಲ್ಲಿ ಬೇರೆ ವಾಚನಗಳನ್ನು ಮುದ್ರಿಸಿಬಿಟ್ಟರೆ ಪತ್ರಿಕೆಯಲ್ಲಿ ಒಂದು, ಪೀಠದಲ್ಲಿ ಇನ್ನೊಂದು ಎಂಬಂತಾಗುತ್ತದೆ. ಧರ್ಮಕೇಂದ್ರದ ಗುರುಗಳು ನೋಡಿ ಒಪ್ಪುವವರೆಗೆ ಏನನ್ನೂ ಮುದ್ರಣಕ್ಕೆ ಕೊಡಬೇಡಿ.

ಪ್ರಬೋಧನೆಯ ವಿಷಯವೂ ಅಷ್ಟೇ. ಅದು ದೀಕ್ಷೆ ಪಡೆದ ಗುರು ಅಥವಾ ಡೀಕನ್‌ಗೆ ಮೀಸಲು. ಹೊಸ ಗುರು ತಾನೇ ಮಾತನಾಡಬಹುದು, ಇಲ್ಲವೇ ತನ್ನನ್ನು ರೂಪಿಸಿದ ಹಿರಿಯ ಗುರುಗಳನ್ನು ಕೇಳಿಕೊಳ್ಳಬಹುದು. ಅಣ್ಣನೋ ಚಿಕ್ಕಪ್ಪನೋ ಬಾಲ್ಯದ ಕಥೆ ಹೇಳಬೇಕೆಂದಿದ್ದರೆ ಅದಕ್ಕೆ ಊಟದ ಸಭಾಂಗಣವೇ ಸರಿಯಾದ ಜಾಗ.

ಕೂರುವ ವ್ಯವಸ್ಥೆ

ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿಯಲ್ಲಿರುವ ಒಂದು ಮಾತು ಹೆಚ್ಚಿನ ಕುಟುಂಬಗಳ ಕಿವಿಗೆ ಬಿದ್ದಿರುವುದಿಲ್ಲ. ಖಾಸಗಿ ವ್ಯಕ್ತಿಗಳಿಗಾಗಿ ಆಸನಗಳನ್ನು ಕಾಯ್ದಿರಿಸುವ ಪದ್ಧತಿಯನ್ನು ಅದು ಒಪ್ಪುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನದಲ್ಲೂ ಇದೇ ಭಾವವಿದೆ: ಪೂಜೆಯಲ್ಲಿ ವ್ಯಕ್ತಿಗೆ ಅಥವಾ ಅಂತಸ್ತಿಗೆ ವಿಶೇಷ ಮರ್ಯಾದೆ ಸಲ್ಲದು. ಹಾಗಾದರೆ ಹೆತ್ತವರು ಹಿಂದೆ ಎಲ್ಲೋ ಕೂರಬೇಕೆ? ಖಂಡಿತ ಇಲ್ಲ. ಪೂಜೆಯಲ್ಲಿ ಕೆಲಸವಿರುವವರು ಆ ಕೆಲಸಕ್ಕೆ ಅನುಕೂಲವಾದ ಕಡೆ ಕೂರಬೇಕು. ಕಾಣಿಕೆ ತರುವವರು, ವಾಚನ ಓದುವವರು ಮುಂದೆ ಇರುವುದು ಸಹಜ. ತಾಯಿ ಗಾಲಿಕುರ್ಚಿಯಲ್ಲಿದ್ದರೆ ಮುಂದಿನ ಜಾಗಕ್ಕೆ ಬೇರೆ ಕಾರಣವೇ ಬೇಡ. ಈ ಅಳತೆಗೋಲನ್ನು ಹಿಡಿದರೆ ಮನೆಯವರಿಗೆ ಎರಡು ಸಾಲು ಬೆಂಚುಗಳು ಸಾಕು. ಹತ್ತು ಸಾಲುಗಳಿಗೆ ರಿಬ್ಬನ್ ಕಟ್ಟಿ, ಪ್ರತಿ ಭಾನುವಾರ ಅಲ್ಲಿ ಕೂರುವ ವೃದ್ಧರನ್ನು ಹಿಂದಕ್ಕೆ ಕಳಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆ ಮಗನಿಗಾಗಿ ವರ್ಷಗಟ್ಟಲೆ ಪ್ರಾರ್ಥಿಸಿದವರು ಅವರೇ.

ನಮ್ಮ ಕುಟುಂಬವನ್ನು ಕೂರಿಸಿ ನೋಡೋಣ. ಮೊದಲ ಸಾಲಿನಲ್ಲಿ ನಡುದಾರಿಯ ಅಂಚಿಗೆ ತಾಯಿಯ ಗಾಲಿಕುರ್ಚಿ ಬರುವಂತೆ ಬೆಂಚನ್ನು ಒಂದಿಷ್ಟು ಸರಿಸಿಡಬೇಕು. ಕುರ್ಚಿ ದಾರಿಗೆ ಚಾಚಿಕೊಂಡರೆ ಪ್ರವೇಶದ ಮೆರವಣಿಗೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ದಿನ ಖಾಲಿ ಚರ್ಚಿನಲ್ಲಿ ಕುರ್ಚಿಯನ್ನು ತಂದಿಟ್ಟು, ಪಕ್ಕದಲ್ಲಿ ಇಬ್ಬರು ಜೊತೆಯಾಗಿ ನಡೆದು ಹೋಗಲು ಆಗುತ್ತದೆಯೇ ಎಂದು ಪರೀಕ್ಷಿಸಿ. ತಾಯಿಯ ಪಕ್ಕದಲ್ಲಿ ಅವರನ್ನು ನೋಡಿಕೊಳ್ಳುವ ಅಕ್ಕ, ನಂತರ ಅಣ್ಣ ಮತ್ತು ಅತ್ತಿಗೆ, ಇನ್ನೊಬ್ಬ ಅಕ್ಕ. ಭಾವಂದಿರು ಮತ್ತು ಮಕ್ಕಳು ಎರಡನೇ ಸಾಲಿನಲ್ಲಿ. ಪುಟ್ಟ ಮಕ್ಕಳಿರುವವರು ಪಕ್ಕದ ಬಾಗಿಲಿಗೆ ಹತ್ತಿರ ಕುಳಿತರೆ ಅಳು ಬಂದಾಗ ಎದ್ದು ಹೋಗುವುದು ಸುಲಭ.

ತಂದೆ ಇಲ್ಲದ ಜಾಗದಲ್ಲಿ ಖಾಲಿ ಕುರ್ಚಿ ಇಟ್ಟು ಫೋಟೊ ಇಡುವ ಯೋಚನೆ ಕೆಲವರಿಗೆ ಬರುತ್ತದೆ. ಅದಕ್ಕಿಂತ, ಪೂಜೆಯಲ್ಲಿಯೇ ಮೃತರಿಗಾಗಿ ಪ್ರಾರ್ಥಿಸುವ ಜಾಗವಿದೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ತಂದೆಯ ಹೆಸರು ಹೇಳಿಸಿ. ಹೆತ್ತವರು ಬೇರೆಯಾಗಿ ಬದುಕುತ್ತಿರುವ ಮನೆಗಳಲ್ಲಿ ಇಬ್ಬರೂ ಮೊದಲ ಸಾಲಿನಲ್ಲೇ ಇರಲಿ, ನಡುವೆ ಮಕ್ಕಳು ಕೂರಲಿ. ಇದನ್ನು ತೀರ್ಮಾನಿಸುವವನು ಹೊಸ ಗುರುವೇ ಆಗಿರಬೇಕು. ಬೆಳಿಗ್ಗೆ ಬಾಗಿಲಲ್ಲಿ ನಿಂತ ಸ್ವಯಂಸೇವಕರ ಮೇಲೆ ಆ ಭಾರ ಹಾಕಬೇಡಿ.

ನೆಂಟರಲ್ಲಿ ಗುರುಗಳಾದವರು ಇದ್ದರೆ ಅವರು ಮನೆಯವರ ಬೆಂಚಿನಲ್ಲಿ ಕೂರುವುದಿಲ್ಲ, ಪೂಜಾವಸ್ತ್ರ ಧರಿಸಿ ಬಲಿಪೀಠದ ಬಳಿ ಸಹಯಾಜಕರಾಗಿರುತ್ತಾರೆ. ಎಷ್ಟು ಜನ ಬರುತ್ತಾರೆ ಎಂಬ ಸಂಖ್ಯೆ ಮೊದಲೇ ಧರ್ಮಕೇಂದ್ರಕ್ಕೆ ತಿಳಿದಿರಬೇಕು, ಕುರ್ಚಿ ಮತ್ತು ವಸ್ತ್ರ ಹೊಂದಿಸಬೇಕಲ್ಲ.

ಪೂಜೆಯೊಳಗೆ ಮನೆಯವರು ಎದ್ದು ಬರುವುದು

ಒಬ್ಬರು ಮೊದಲ ವಾಚನ ಓದಬಹುದು, ಒಬ್ಬರು ವಿಶ್ವಾಸಿಗಳ ಪ್ರಾರ್ಥನೆಯನ್ನು ಹೇಳಬಹುದು. ಓದುವವರು ಚೆನ್ನಾಗಿ ಓದಬಲ್ಲವರಾಗಿರಲಿ. ಬೇಸರವಾಗದಿರಲಿ ಎಂದು ನೆಂಟರಿಗೆಲ್ಲ ಒಂದೊಂದು ಸಾಲು ಹಂಚಿದರೆ ಮೈಕಿನ ಮುಂದೆ ಸಾಲು ನಿಲ್ಲುವುದೇ ದೊಡ್ಡ ಕಾರ್ಯಕ್ರಮವಾಗುತ್ತದೆ.

ಕಾಣಿಕೆಯ ಮೆರವಣಿಗೆ ಮನೆಯವರಿಗೆ ನಿಜಕ್ಕೂ ಸೇರಿದ ಗಳಿಗೆ. ಮಗ ಮೊದಲ ಬಾರಿಗೆ ಎತ್ತಿ ಅರ್ಪಿಸುವ ರೊಟ್ಟಿ ಮತ್ತು ದ್ರಾಕ್ಷಾರಸ ಮನೆಯವರ ಕೈಯಿಂದ ಅವನ ಕೈಗೆ ಹೋಗುತ್ತದೆ. ಇಲ್ಲಿ ಬರಬೇಕಾದದ್ದು ರೊಟ್ಟಿ, ದ್ರಾಕ್ಷಾರಸ, ಮತ್ತು ಬಡವರಿಗಾಗಿಯೋ ಚರ್ಚಿಗಾಗಿಯೋ ಕೊಡುವ ಕಾಣಿಕೆ. ಅವನು ಆಡಿದ ಚೆಂಡು, ನುಡಿಸಿದ ಗಿಟಾರ್, ಸೆಮಿನರಿಯ ಪುಸ್ತಕ ಎಂದು ಒಂದೊಂದನ್ನೇ ವಿವರಣೆಯೊಂದಿಗೆ ತರುವುದನ್ನು ಬಿಟ್ಟುಬಿಡಿ. ಅವನ್ನು ಮತ್ತೆ ಮನೆಗೆ ಒಯ್ಯುತ್ತೀರಿ ಎಂದಾದರೆ ಅದು ಕಾಣಿಕೆ ಅಲ್ಲ.

ಗಾಲಿಕುರ್ಚಿಯ ತಾಯಿಯ ಮಡಿಲಲ್ಲಿ ರೊಟ್ಟಿಯ ಪಾತ್ರೆ ಇಟ್ಟು ಅಣ್ಣ ಕುರ್ಚಿ ತಳ್ಳಬಹುದು, ಒಬ್ಬ ಅಕ್ಕ ದ್ರಾಕ್ಷಾರಸ ತರಬಹುದು. ಮೆಟ್ಟಿಲುಗಳ ಮುಂದೆ ನಿಂತರೆ ಮಗನೇ ಇಳಿದು ಬರುತ್ತಾನೆ. ಕುರ್ಚಿಯನ್ನು ಮೇಲೆತ್ತುವ ಸಾಹಸ ಬೇಡ. ಪರಮ ಪ್ರಸಾದದ ಹೊತ್ತಿನಲ್ಲೂ ಹಾಗೆಯೇ, ಮಗ ಮೊದಲು ತಾಯಿಯ ಬಳಿಗೆ ಬರುತ್ತಾನೆ, ನಂತರ ಉಳಿದವರ ಸಾಲು ಹೊರಡುತ್ತದೆ. ಬೇರೆ ಧರ್ಮದ ಭಾವನಿಗೆ ಹಿಂದಿನ ದಿನವೇ ಅಕ್ಕ ಮೆಲ್ಲನೆ ಹೇಳಿರಲಿ: ಪ್ರಸಾದದ ಸಮಯದಲ್ಲಿ ಜಾಗದಲ್ಲೇ ಕುಳಿತಿರಬಹುದು, ಅದರಲ್ಲಿ ಅಗೌರವವೇನೂ ಇಲ್ಲ. ಹೇಳದೆ ಬಿಟ್ಟರೆ ಅವರು ಎಲ್ಲರೊಂದಿಗೆ ಎದ್ದು ಬಂದು, ಮೈದುನನ ಮುಂದೆ ಇಬ್ಬರೂ ಮುಜುಗರಪಡುವಂತಾಗುತ್ತದೆ.

ಉಡುಗೊರೆ: ಪೂಜಾಪಾತ್ರೆಯಿಂದ ಲಕೋಟೆಯವರೆಗೆ

ಹೆತ್ತವರು ಮಗನಿಗೆ ಪೂಜಾಪಾತ್ರೆ ಮತ್ತು ಅದರ ತಟ್ಟೆಯನ್ನು ಕೊಡುವುದು ಬಹು ಕಾಲದ ರೂಢಿ. ಕೊಳ್ಳುವ ಮೊದಲು ಅವನನ್ನೇ ಕೇಳಿ. ತೀರಿಕೊಂಡ ಯಾವುದೋ ಹಿರಿಯ ಗುರುಗಳ ಪಾತ್ರೆ ಅವನಿಗೆ ಬಂದಿರಬಹುದು, ಅದಕ್ಕೆ ಹೊಸದಾಗಿ ಚಿನ್ನದ ಲೇಪ ಹಾಕಿಸುವುದೇ ಅವನಿಗೆ ಬೇಕಾದ ಉಡುಗೊರೆಯಾಗಿರಬಹುದು. ಹೊಸದನ್ನು ಕೊಳ್ಳುವುದಾದರೆ ಅವನನ್ನು ಜೊತೆಗೆ ಕರೆದೊಯ್ದು ಕೈಯಲ್ಲಿ ಹಿಡಿಸಿ. ಪಾದ ಅಗಲವಾಗಿರಬೇಕು, ಬಟ್ಟೆ ತಗುಲಿದರೆ ಉರುಳಬಾರದು. ಕಾಂಡದ ನಡುವಿನ ಗಂಟು ಅವನ ಬೆರಳುಗಳಿಗೆ ಒಗ್ಗಬೇಕು. ತುಂಬಾ ಭಾರವಾದ ಅಲಂಕಾರದ ಪಾತ್ರೆ ಮೊದಲ ದಿನ ಚೆಂದ ಕಂಡರೂ ಪ್ರತಿದಿನ ಎತ್ತಿ ಹಿಡಿಯುವವನಿಗೆ ಹೊರೆ. ತುಕ್ಕು ಹಿಡಿಯುವ ಅಥವಾ ಚಿನ್ನಕ್ಕಿಂತ ಕೆಳದರ್ಜೆಯ ಲೋಹವಾದರೆ ಬಟ್ಟಲಿನ ಒಳಭಾಗಕ್ಕೆ ಸಾಮಾನ್ಯವಾಗಿ ಚಿನ್ನದ ಲೇಪ ಇರಬೇಕು. ಗಾಜು, ಜೇಡಿಮಣ್ಣು ಮುಂತಾದ ಸುಲಭವಾಗಿ ಒಡೆಯುವ ವಸ್ತುಗಳ ಪಾತ್ರೆಗಳನ್ನು 2004ರ ರೋಮಿನ ಸೂಚನೆ ಸ್ಪಷ್ಟವಾಗಿ ನಿರಾಕರಿಸಿದೆ. ಹೆಸರು, ದಿನಾಂಕ ಕೆತ್ತಿಸುವುದಿದ್ದರೆ ಪಾದದ ಅಡಿಭಾಗದಲ್ಲಿ ಕೆತ್ತಿಸಿ.

ಪಾತ್ರೆಯನ್ನು ಬಳಸುವ ಮೊದಲು ಆಶೀರ್ವದಿಸಬೇಕು. ಅದನ್ನು ಧರ್ಮಾಧ್ಯಕ್ಷರೇ ಮಾಡಬೇಕೆಂದಿಲ್ಲ, ಯಾವ ಗುರುವೂ ಮಾಡಬಹುದು. ಎರಡು ದಾರಿಗಳಿವೆ. ಮೊದಲೇ ಆಶೀರ್ವದಿಸಿಟ್ಟರೆ ಪೂಜೆಯ ದಿನ ಅದು ನೇರವಾಗಿ ಪಕ್ಕದ ಮೇಜಿನ ಮೇಲಿರುತ್ತದೆ. ಇಲ್ಲವೇ ಪೂಜೆಯೊಳಗೇ, ವಿಶ್ವಾಸಿಗಳ ಪ್ರಾರ್ಥನೆ ಮುಗಿದ ಮೇಲೆ, ಪಾತ್ರೆ ಕೊಡುವವರು ಅದನ್ನು ತಂದು ಬಲಿಪೀಠದ ಮೇಲಿಡುವ ಮತ್ತು ಗುರು ಅದನ್ನು ಆಶೀರ್ವದಿಸುವ ವಿಧಿ ಇದೆ. ತಾಯಿಗೆ ಆ ಪಾತ್ರೆಯನ್ನು ತಾನೇ ಕೊಡಬೇಕೆಂಬ ಆಸೆಯಿದ್ದರೆ ಈ ಎರಡನೆಯದು ಸುಂದರ. ಆದರೆ ಇದನ್ನು ಮೊದಲ ಮಾತುಕತೆಯಲ್ಲೇ ಗೊತ್ತುಪಡಿಸಿಕೊಳ್ಳಬೇಕು. ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಯನ್ನು ಕಾಣಿಕೆಯ ಮೆರವಣಿಗೆಯಲ್ಲಿ ಹಿಡಿದು ಬಂದರೆ ಅದನ್ನು ಅಲ್ಲಿ ಬಿಚ್ಚುವವರು ಯಾರು?

ಹಣ ಮತ್ತು ಬೆಲೆಬಾಳುವ ವಸ್ತುಗಳ ವಿಷಯದಲ್ಲಿ ಮಗ ಧರ್ಮಕ್ಷೇತ್ರದ ಗುರುವೋ, ಧಾರ್ಮಿಕ ಸಭೆಯೊಂದರ ಸದಸ್ಯನೋ ಎಂಬುದು ಮುಖ್ಯ. ಧರ್ಮಕ್ಷೇತ್ರದ ಗುರುಗಳು ಬಡತನದ ವ್ರತ ತೊಡುವುದಿಲ್ಲ, ತಮ್ಮದೆಂದು ಹಣ ಇಟ್ಟುಕೊಳ್ಳಬಹುದು. ವ್ರತ ತೊಟ್ಟ ಧಾರ್ಮಿಕ ಸಭೆಯವರಿಗೆ ಆ ಸಭೆಯ ನಿಯಮಗಳು ಅನ್ವಯಿಸುತ್ತವೆ, ಬಂದ ಉಡುಗೊರೆ ಸಭೆಗೇ ಸೇರಬಹುದು. ಆದ್ದರಿಂದ ನೆಂಟರೆಲ್ಲ ಸೇರಿ ದೊಡ್ಡ ಉಡುಗೊರೆ ಕೊಡುವ ಮುನ್ನ ಮೇಲಧಿಕಾರಿಗಳನ್ನು ಕೇಳಬೇಕು. ಕೊಟ್ಟ ಮೇಲೆ "ಅದು ಎಲ್ಲಿ ಹೋಯಿತು?" ಎಂದು ಕೇಳುವಂತಾಗಬಾರದು.

ಲಕೋಟೆಗಳನ್ನು ಚರ್ಚಿನೊಳಗೆ ಕೈಗೆ ಕೊಡಲು ಬಿಡಬೇಡಿ. ಆಶೀರ್ವಾದಕ್ಕೆ ಬಂದವರು ಲಕೋಟೆ ಚಾಚಿದರೆ ಆಶೀರ್ವಾದಕ್ಕೆ ಬೆಲೆ ಕಟ್ಟಿದಂತೆ ಕಾಣುತ್ತದೆ, ಅವನ ಕೈಗೂ ತೊಡಕು. ಸಭಾಂಗಣದ ಬಾಗಿಲಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ, ಪಕ್ಕದಲ್ಲಿ ನಂಬಿಕೆಯ ಒಬ್ಬರು, ಒಂದು ನೋಟ್‌ಬುಕ್ ಸಾಕು.

ತಾಯಿಗೆ ಬಟ್ಟೆ, ತಂದೆಗೆ ಸ್ಟೋಲ್

ದೀಕ್ಷೆಯಲ್ಲಿ ಅಭ್ಯಂಗಿಸಿದ ಅಂಗೈಗಳಿಂದ ಕ್ರಿಸ್ಮ ತೈಲವನ್ನು ಒರೆಸಿದ ಬಟ್ಟೆಯನ್ನು ತಾಯಿಗೂ, ಮೊದಲ ಪಾಪನಿವೇದನೆ ಕೇಳಿದಾಗ ಧರಿಸಿದ ನೇರಳೆ ಸ್ಟೋಲನ್ನು ತಂದೆಗೂ ಕೊಡುವ ರೂಢಿ ಹಲವೆಡೆ ಇದೆ. ಇದು ಪ್ರೀತಿಯ ಸಂಪ್ರದಾಯ, ಪೂಜಾವಿಧಿಯ ಭಾಗವಲ್ಲ. ತಾಯಿ ತೀರಿಕೊಂಡಾಗ ಬಟ್ಟೆಯನ್ನು ಅವರ ಕೈಯಲ್ಲಿಟ್ಟು ಸಮಾಧಿ ಮಾಡುತ್ತಾರೆ. ಆದ್ದರಿಂದ ದೀಕ್ಷೆಯ ದಿನ ಆ ಬಟ್ಟೆ ಎಲ್ಲಿ ಹೋಯಿತೆಂದು ನೋಡಿಕೊಳ್ಳುವವರು ಒಬ್ಬರಿರಬೇಕು. ಉಳಿದ ಬಟ್ಟೆಗಳ ಜೊತೆ ಒಗೆಯಲು ಹೋಗಿಬಿಟ್ಟರೆ ಮತ್ತೆ ಸಿಗುವ ವಸ್ತುವಲ್ಲ ಅದು. ಸ್ಟೋಲಿಗೂ ಒಂದು ಮಿತಿಯಿದೆ. ಪಾಪನಿವೇದನೆ ಕೇಳಲು ದೀಕ್ಷೆಯೊಂದೇ ಸಾಲದು, ಅಧಿಕಾರ ದೊರೆತಿರಬೇಕು. ಪ್ರಥಮ ಪೂಜೆಯ ಹೊತ್ತಿಗೆ ಅವನು ಇನ್ನೂ ಯಾರ ಪಾಪನಿವೇದನೆಯನ್ನೂ ಕೇಳಿರದಿದ್ದರೆ ಸ್ಟೋಲ್ ಕಾಯಲಿ, ಅವಸರದಲ್ಲಿ ಹೊಸದೊಂದನ್ನು ಕೊಂಡು ಕೊಡುವುದಕ್ಕೆ ಅರ್ಥವಿಲ್ಲ.

ಈ ವಸ್ತುಗಳನ್ನು ಕೊಡುವುದು ಪೂಜೆ ಮುಗಿದ ಮೇಲೆ, ಮನೆಯವರು ಮಾತ್ರ ಇರುವಾಗ ಎಂಬುದು ನನ್ನ ಸಲಹೆ. ನಾನೂರು ಜನರ ಮುಂದೆ ಮೈಕಿನ ವಿವರಣೆಯೊಂದಿಗೆ ಕೊಟ್ಟರೆ ತಾಯಿಗೆ ಅಳಲೂ ಆಗುವುದಿಲ್ಲ. ನಮ್ಮ ಕುಟುಂಬದಲ್ಲಿ ತಂದೆ ಇಲ್ಲದಿರುವುದರಿಂದ ಸ್ಟೋಲ್ ಯಾರಿಗೆ ಎಂಬುದು ಮಗನಿಗೇ ಬಿಟ್ಟ ವಿಷಯ.

ಆಶೀರ್ವಾದದ ಸಾಲು, ಮತ್ತು ಗಡಿಯಾರ

ಹೊಸ ಗುರುವಿನ ಆಶೀರ್ವಾದ ಪಡೆಯಲು, ಅಭ್ಯಂಗಿತ ಅಂಗೈಗಳಿಗೆ ಮುತ್ತಿಡಲು ಜನ ಬಂದೇ ಬರುತ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ನಾನೂರರಲ್ಲಿ ನೂರೈವತ್ತು ಜನ ಸಾಲಿಗೆ ನಿಂತರೆಂದುಕೊಳ್ಳಿ. ಮಂಡಿಯೂರಿ, ಆಶೀರ್ವಾದ ಪಡೆದು, ಎರಡು ಮಾತನಾಡಿ ಏಳಲು ಒಬ್ಬರಿಗೆ ಇಪ್ಪತ್ತು ಸೆಕೆಂಡು. ಒಟ್ಟು ಐವತ್ತು ನಿಮಿಷ. ಪ್ರತಿಯೊಬ್ಬರೂ ಫೋಟೊಗೆ ನಿಂತರೆ ಇದು ಎರಡು ಪಟ್ಟಾಗುತ್ತದೆ. ಪೂಜೆ 11.45ಕ್ಕೆ ಮುಗಿದರೂ ಊಟ ಎರಡು ಗಂಟೆಗೆ ಜಾರುವುದು ಹೀಗೆ.

ಆದ್ದರಿಂದ ಸಮಯವನ್ನು ಹಿಂದಿನಿಂದ ಎಣಿಸಿಕೊಂಡು ಬನ್ನಿ. ಊಟ ಒಂದಕ್ಕೆ ಎಂದಾದರೆ ಸಾಲು 12.50ಕ್ಕೆ ಮುಗಿಯಬೇಕು, ಅಂದರೆ ಹನ್ನೆರಡಕ್ಕೆ ಶುರುವಾಗಬೇಕು. ಪೂಜೆ ಮುಗಿದ ನಂತರದ ಮೊದಲ ಹದಿನೈದು ನಿಮಿಷ ಮನೆಯವರದು. ಬಲಿಪೀಠದ ಮೆಟ್ಟಿಲ ಬಳಿ ಮೊದಲು ತಾಯಿಗೆ ಆಶೀರ್ವಾದ, ನಂತರ ಒಡಹುಟ್ಟಿದವರಿಗೆ, ಕುಟುಂಬದ ಒಂದೇ ಒಂದು ಫೋಟೊ. ಸಂಬಂಧಿಕರ ಬಗೆಬಗೆಯ ಗುಂಪು ಫೋಟೊಗಳೆಲ್ಲ ಊಟದ ನಂತರಕ್ಕಿರಲಿ. ದೀಕ್ಷೆಯ ದಿನವೇ ತಾಯಿ ಆಶೀರ್ವಾದ ಪಡೆದಿದ್ದರೆ ಈ ಹದಿನೈದು ನಿಮಿಷವನ್ನೂ ಕಡಿಮೆ ಮಾಡಬಹುದು.

ಸಾಲಿನ ಮುಂದೆ ಹೊಸ ಗುರುವಿಗೆ ಬೆನ್ನಿರುವ ಎತ್ತರದ ಕುರ್ಚಿ ಮತ್ತು ಕುಡಿಯಲು ನೀರು ಇರಲಿ. ಮಂಡಿಯೂರಲಾಗದ ಹಿರಿಯರನ್ನು ಸಾಲಿನಲ್ಲಿ ನಿಲ್ಲಿಸದೆ ಮುಂದಿನ ಬೆಂಚಿನಲ್ಲಿ ಕೂರಿಸಿ, ಅವನೇ ಅವರ ಬಳಿಗೆ ಹೋಗಲಿ. ಜನ ಸಾವಿರ ದಾಟುವುದಾದರೆ ಒಬ್ಬೊಬ್ಬರ ಆಶೀರ್ವಾದವನ್ನು ಬಿಟ್ಟು ಎಲ್ಲರಿಗೂ ಒಟ್ಟಾಗಿ ಕೊಡುವುದೇ ಮೇಲು ಎಂದು ಮೊದಲೇ ಘೋಷಿಸಿ.

ಪ್ರಥಮ ಬಲಿಪೂಜೆಯಲ್ಲಿ ಭಕ್ತಿಯಿಂದ ಭಾಗವಹಿಸಿದವರಿಗೆ ಧರ್ಮಸಭೆ ಪೂರ್ಣ ದಂಡವಿಮೋಚನೆಯನ್ನು ನೀಡುತ್ತದೆ. ಅದಕ್ಕೆ ಪಾಪನಿವೇದನೆ, ಪರಮ ಪ್ರಸಾದ ಸ್ವೀಕಾರ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಮತ್ತು ಪಾಪದ ಮೇಲಿನ ಎಲ್ಲ ಮೋಹವನ್ನು ಬಿಡುವುದು ಬೇಕು. ಇದು ಆಮಂತ್ರಣದಲ್ಲಿ ಎರಡು ಸಾಲಾಗಿ ಇದ್ದರೆ ದೂರದಿಂದ ಬರುವವರು ಪಾಪನಿವೇದನೆಯನ್ನು ಮುಗಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ಒಂಬತ್ತೂವರೆಗೆ ಗುರುಗಳನ್ನು ಹುಡುಕುವ ಪರಿಸ್ಥಿತಿ ತಪ್ಪುತ್ತದೆ.

ಊಟ

ಭಾನುವಾರದ ಪೂಜೆಗೆ ಬಂದ ಧರ್ಮಕೇಂದ್ರದ ಜನರೆಲ್ಲ ಅತಿಥಿಗಳಲ್ಲ, ಆದರೆ ಅವರನ್ನು ಬರಿಗೈಯಲ್ಲಿ ಕಳಿಸುವುದೂ ಸಲ್ಲದು. ಹಾಗಾಗಿ ಎರಡು ಹಂತ ಮಾಡಿ. ಚರ್ಚಿನ ಅಂಗಳದಲ್ಲಿ ನಾನೂರು ಜನರಿಗೂ ಪಾನೀಯ ಮತ್ತು ಕೈಯಲ್ಲಿ ಹಿಡಿದು ತಿನ್ನುವಂಥ ತಿಂಡಿ. ಸಭಾಂಗಣದಲ್ಲಿ ಕರೆದ ನೂರೈವತ್ತು ಜನರಿಗೆ ಊಟ. ಆಮಂತ್ರಣದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿರಬೇಕು. "ಪೂಜೆಯ ನಂತರ ಭೋಜನ" ಎಂದು ಚರ್ಚಿನ ಫಲಕದ ಮೇಲೆ ಬರೆದುಬಿಟ್ಟರೆ ನಾನೂರು ಎಲೆ ಬೇಕಾಗುತ್ತದೆ.

ಅಂಗಳದ ತಿಂಡಿ 11.45ಕ್ಕೇ ಸಿದ್ಧವಿರಬೇಕು. ಪ್ರಸಾದಕ್ಕೆ ಮುಂಚಿನ ಒಂದು ಗಂಟೆ ಉಪವಾಸ ನಿಯಮ. ಆದರೆ ಪ್ರಯಾಣ ಮಾಡಿ ಬಂದವರು ಬೆಳಿಗ್ಗೆಯಿಂದ ಏನೂ ತಿಂದಿರುವುದಿಲ್ಲ. ವೃದ್ಧರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ನಿಯಮವೂ ಇಲ್ಲ. ಸಕ್ಕರೆ ಕಾಯಿಲೆಯ ಅಜ್ಜಿಯಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ, ತಲೆ ಸುತ್ತಿ ಬೀಳುವುದು ಬೇಡ.

ಊಟದ ಮೇಜುಗಳಲ್ಲಿ ಹೊಸ ಗುರು, ತಾಯಿ, ಧರ್ಮಕೇಂದ್ರದ ಗುರುಗಳು, ಅವನಿಗೆ ಕಲಿಸಿದ ಒಬ್ಬಿಬ್ಬರು ಒಂದೆಡೆ ಕೂರಲಿ. ಉಳಿದ ಗುರುಗಳನ್ನೆಲ್ಲ ಒಂದೇ ಮೇಜಿಗೆ ಸೇರಿಸದೆ ನೆಂಟರ ನಡುವೆ ಹಂಚಿದರೆ ಮಾತುಕತೆ ಬೆಳೆಯುತ್ತದೆ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಹೊಸ ಗುರುವೇ ಹೇಳುತ್ತಾನೆ. ಭಾಷಣಗಳು ಎರಡಕ್ಕಿಂತ ಹೆಚ್ಚಾಗದಿರಲಿ, ಅದೂ ಬಡಿಸಿದ ಮೇಲೆ. ಮನೆಯ ಪರವಾಗಿ ಅಣ್ಣ, ಕೊನೆಗೆ ಹೊಸ ಗುರುವಿನ ಕೃತಜ್ಞತೆ.

ಅವನ ತಟ್ಟೆಯ ಮೇಲೆ ಒಂದು ಕಣ್ಣಿರಲಿ. ಅಂದು ಇಡೀ ಸಭಾಂಗಣದಲ್ಲಿ ಹಸಿದೇ ಉಳಿಯುವವನು ಅವನೇ. ತುತ್ತು ಎತ್ತುವಷ್ಟರಲ್ಲಿ ಯಾರೋ ಮಾತನಾಡಿಸುತ್ತಾರೆ, ಎದ್ದು ನಿಲ್ಲುತ್ತಾನೆ, ಅನ್ನ ಆರುತ್ತದೆ. ಮೊದಲ ಇಪ್ಪತ್ತು ನಿಮಿಷ ಅವನ ಮೇಜಿನ ಬಳಿಗೆ ಯಾರೂ ಬರದಂತೆ ಒಬ್ಬ ಭಾವ ಪಕ್ಕದಲ್ಲಿ ನಿಲ್ಲಲಿ. ನಮ್ಮ ಕುಟುಂಬದ ಬೇರೆ ಧರ್ಮದ ಭಾವನಿಗೆ ಇದು ಒಪ್ಪುವ ಹೊಣೆ. ಮೈದುನನ ದಿನದಲ್ಲಿ ಅವರಿಗೂ ಒಂದು ನಿಜವಾದ ಪಾತ್ರ ಸಿಕ್ಕಂತಾಗುತ್ತದೆ, ಗುರುತಿಲ್ಲದ ನೆಂಟರಿಗೂ ನಗುತ್ತಲೇ "ಸ್ವಲ್ಪ ಹೊತ್ತು" ಎಂದು ಹೇಳಲು ಅವರಿಗೆ ಸಂಕೋಚವಿರುವುದಿಲ್ಲ.

ಸಂಜೆ ಲಕೋಟೆಯ ಪೆಟ್ಟಿಗೆಯನ್ನು ಇಬ್ಬರು ಕುಳಿತು ತೆರೆಯಲಿ. ಹೆಸರು, ಮೊತ್ತ, ಮತ್ತು "ನಮ್ಮ ಮನೆಯವರಿಗಾಗಿ ಪೂಜೆ ಅರ್ಪಿಸಿ" ಎಂದು ಬರೆದಿರುವ ಚೀಟಿಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಪೂಜೆಯ ಉದ್ದೇಶಕ್ಕಾಗಿ ಕೊಟ್ಟ ಹಣ ಉಡುಗೊರೆಯಲ್ಲ. ಅದನ್ನು ಪಡೆದ ಮೇಲೆ ಆ ಪೂಜೆಯನ್ನು ಅರ್ಪಿಸುವ ಹೊಣೆ ಗುರುವಿನ ಮೇಲಿದೆ, ಪ್ರತಿ ಉದ್ದೇಶಕ್ಕೂ ಪ್ರತ್ಯೇಕವಾಗಿ. ಉಡುಗೊರೆಯ ಹಣದೊಂದಿಗೆ ಅದು ಬೆರೆತರೆ ಯಾರ ಪೂಜೆ ಬಾಕಿ ಎಂದು ತಿಳಿಯುವುದೇ ಇಲ್ಲ. ಆ ಎರಡನೇ ಪಟ್ಟಿ ಅವನು ತನ್ನ ಮೊದಲ ನೇಮಕದ ಧರ್ಮಕೇಂದ್ರಕ್ಕೆ ಹೊರಡುವ ಮುನ್ನ ಅವನ ಚೀಲದಲ್ಲಿರಬೇಕು.